ಖಾಲಿ ಕ್ಯೂಗೆ ಕಟ್ಟುವ ಬಾಡಿಗೆ

2025ರ ಏಪ್ರಿಲ್ 12, ಶನಿವಾರ. ದೇಶದಾದ್ಯಂತ ಯುಪಿಐ ಪಾವತಿಗಳು ತಡವರಿಸತೊಡಗಿದವು. ಕೆಲವು ಹೋಗಲೇ ಇಲ್ಲ, ಕೆಲವು ಹೋದವೋ ಇಲ್ಲವೋ ತಿಳಿಯದೆ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಈ ಪರದಾಟ ಸುಮಾರು ಐದು ಗಂಟೆ ನಡೆಯಿತು. ಯುಪಿಐ ನಡೆಸುವ ಎನ್‌ಪಿಸಿಐ ಕಾರಣ ಹುಡುಕಿದಾಗ ಬೊಟ್ಟು ಮಾಡಿದ್ದು ಪಾವತಿಗಳ ಕಡೆಗಲ್ಲ, ವಿಚಾರಣೆಗಳ ಕಡೆಗೆ. ‘ಆ ವ್ಯವಹಾರ ಏನಾಯಿತು?’ ಎಂದು ಕೇಳುವ ಕೋರಿಕೆಗಳು ವಿಪರೀತ ಸಂಖ್ಯೆಯಲ್ಲಿ ಬಂದಿದ್ದವು. ಕೆಲವು ಬ್ಯಾಂಕುಗಳ ಸಿಸ್ಟಂಗಳು ಹಳೆಯ ವ್ಯವಹಾರಗಳ ಬಗ್ಗೆಯೂ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕಳಿಸುತ್ತಿದ್ದವು.

ಅದೇ ವರ್ಷ ಆಗಸ್ಟ್ 1ರಿಂದ ನಿಯಮ ಬಿಗಿಯಾಯಿತು. ಬಾಕಿ ಉಳಿದ ಪಾವತಿಯ ಸ್ಥಿತಿಯನ್ನು ಮೂರು ಸಲ ಮಾತ್ರ ಕೇಳಬಹುದು, ಒಂದು ಪ್ರಶ್ನೆಗೂ ಇನ್ನೊಂದಕ್ಕೂ 90 ಸೆಕೆಂಡ್ ಅಂತರ ಇರಬೇಕು. ಖಾತೆಯ ಬ್ಯಾಲೆನ್ಸ್ ನೋಡುವುದಕ್ಕೂ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲದ ಮಿತಿ ಬಂತು.

ಸಾಫ್ಟ್‌ವೇರ್ ಕೆಲಸದಲ್ಲಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಕ್ಕೆ ಈ ಘಟನೆ ಒಳ್ಳೆಯ ಬಾಗಿಲು. ಕೆಲಸ ಬಂದಿದೆಯೇ ಎಂದು ಪ್ರೋಗ್ರಾಂ ತಾನೇ ಆಗಾಗ ಹೋಗಿ ನೋಡಬೇಕೆ, ಅಥವಾ ಕೆಲಸ ಬಂದಾಗ ಅದನ್ನು ಎಬ್ಬಿಸುವ ವ್ಯವಸ್ಥೆ ಇರಬೇಕೆ? ಮೊದಲನೆಯದಕ್ಕೆ ಪೋಲಿಂಗ್ ಎನ್ನುತ್ತಾರೆ, ಎರಡನೆಯದಕ್ಕೆ ಈವೆಂಟ್ ಆಧಾರಿತ ವಿಧಾನ ಎನ್ನುತ್ತಾರೆ. ಯುಪಿಐ ಸ್ಥಗಿತ ದೇಶಕ್ಕೇ ಕಾಣಿಸಿತು. ಇದೇ ಕಾಯಿಲೆ ಸಣ್ಣ ಕಂಪನಿಗಳಲ್ಲಿ ಯಾರ ಕಣ್ಣಿಗೂ ಬೀಳದೆ ತಿಂಗಳ ಬಿಲ್ಲಿನಲ್ಲಿ ಒಂದು ಸಾಲಾಗಿ ಕೂತಿರುತ್ತದೆ. ಆ ಸಾಲನ್ನು ಬಿಡಿಸಿ ನೋಡುವುದಕ್ಕೆ ಅಮೆಜಾನ್‌ನ ಎಸ್‌ಕ್ಯೂಎಸ್ ಎಂಬ ಕ್ಯೂ ಸೇವೆ ಅನುಕೂಲ. ಅಲ್ಲಿ ಪ್ರತಿ ಪ್ರಶ್ನೆಗೂ ಬೆಲೆ ನಿಗದಿಯಾಗಿದೆ, ಹಾಗಾಗಿ ವ್ಯರ್ಥವನ್ನು ರೂಪಾಯಿಯಲ್ಲೇ ಅಳೆಯಬಹುದು.

ಕ್ಯೂ ಎಂದರೆ ಇಲ್ಲಿ ಕೆಲಸಗಳ ಸರತಿ. ವೆಬ್‌ಸೈಟಿಗೆ ಒಂದು ಆರ್ಡರ್ ಬಂದರೆ ಅದರ ಬಿಲ್ ತಯಾರಿಸುವುದು, ಎಸ್‌ಎಂಎಸ್ ಕಳಿಸುವುದು ಮುಂತಾದ ಕೆಲಸಗಳನ್ನು ಗ್ರಾಹಕ ಕಾಯುತ್ತಿರುವಾಗಲೇ ಮಾಡಬೇಕಿಲ್ಲ. ವೆಬ್‌ಸೈಟ್ ಒಂದು ಸಣ್ಣ ಸಂದೇಶ ಬರೆದು ಕ್ಯೂನಲ್ಲಿಟ್ಟು ಮುಂದೆ ಸಾಗುತ್ತದೆ. ಹಿಂದೆ ಎಲ್ಲೋ ಓಡುತ್ತಿರುವ ವರ್ಕರ್ ಎಂಬ ಪ್ರೋಗ್ರಾಂ ಅದನ್ನು ಎತ್ತಿಕೊಂಡು, ಕೆಲಸ ಮುಗಿಸಿ, ಸಂದೇಶವನ್ನು ಅಳಿಸುತ್ತದೆ. ಎಸ್‌ಕ್ಯೂಎಸ್‌ನಲ್ಲಿ ಇಡುವುದು, ಎತ್ತುವುದು, ಅಳಿಸುವುದು ಮೂರೂ ಒಂದೊಂದು ಕೋರಿಕೆ. ಸಾಮಾನ್ಯ ಕ್ಯೂಗೆ ಅಮೆರಿಕದ ಪೂರ್ವ ವಲಯದ ದರ ಹೀಗಿದೆ: ತಿಂಗಳಿಗೆ ಮೊದಲ 10 ಲಕ್ಷ ಕೋರಿಕೆ ಉಚಿತ, ಆಮೇಲೆ ಪ್ರತಿ 10 ಲಕ್ಷಕ್ಕೆ 40 ಸೆಂಟ್. ಎತ್ತಲು ಹೋದಾಗ ಕ್ಯೂ ಖಾಲಿ ಇದ್ದರೂ ಅದು ಒಂದು ಕೋರಿಕೆಯೇ, ಲೆಕ್ಕಕ್ಕೆ ಸೇರುತ್ತದೆ.

ಒಂದು ಸಣ್ಣ ಆನ್‌ಲೈನ್ ಸೀರೆ ಅಂಗಡಿಯನ್ನು ಊಹಿಸಿಕೊಳ್ಳೋಣ. ದಿನಕ್ಕೆ 2,000 ಆರ್ಡರ್. ಬಿಲ್, ಎಸ್‌ಎಂಎಸ್, ಇಮೇಲ್, ಗೋದಾಮಿನ ದಾಸ್ತಾನು ಎಂದು ನಾಲ್ಕು ಕ್ಯೂ. ಒಂದೊಂದು ಕ್ಯೂಗೆ ಮೂರರಂತೆ ಒಟ್ಟು 12 ವರ್ಕರ್. ಪ್ರತಿ ಆರ್ಡರಿಗೂ ನಾಲ್ಕು ಸಂದೇಶ ಎಂದರೆ ದಿನಕ್ಕೆ 8,000 ಸಂದೇಶ, ಸಂದೇಶಕ್ಕೆ ಮೂರು ಕೋರಿಕೆ ಎಂದರೆ 24,000. ತಿಂಗಳಿಗೆ 7.2 ಲಕ್ಷ. ಉಚಿತ ಮಿತಿಯೊಳಗೇ ಮುಗಿಯಿತು. ಅಂಗಡಿಯ ನಿಜವಾದ ಕೆಲಸಕ್ಕೆ ಒಂದು ಪೈಸೆಯೂ ತಗಲುವುದಿಲ್ಲ.

ಈಗ ವರ್ಕರ್‌ನ ಕೋಡ್ ನೋಡಬೇಕು. ಅವಸರದಲ್ಲಿ ಬರೆದ ಕೋಡ್ ಸಾಮಾನ್ಯವಾಗಿ ಒಂದು ಕೊನೆಯಿಲ್ಲದ ಸುತ್ತು: ಕ್ಯೂ ಕೇಳು, ಸಂದೇಶ ಇದ್ದರೆ ಮಾಡು, ಇಲ್ಲದಿದ್ದರೆ ಮತ್ತೆ ಕೇಳು. ಖಾಲಿ ಉತ್ತರ ಬರಲು 20 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ ಒಂದು ವರ್ಕರ್ ಸೆಕೆಂಡಿಗೆ 50 ಸಲ ಕೇಳುತ್ತದೆ, ಹನ್ನೆರಡೂ ಸೇರಿ 600 ಸಲ. ದಿನಕ್ಕೆ 5 ಕೋಟಿ 18 ಲಕ್ಷ. ತಿಂಗಳಿಗೆ 155 ಕೋಟಿಗೂ ಮಿಕ್ಕಿ. ಬಿಲ್ ಸುಮಾರು 622 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 53 ಸಾವಿರ ರೂಪಾಯಿಯ ಹತ್ತಿರ. ದಿನದ 8,000 ಸಂದೇಶಗಳಿಗಾಗಿ 5 ಕೋಟಿ 18 ಲಕ್ಷ ಪ್ರಶ್ನೆ, ಅಂದರೆ 6,480 ಸಲ ಕೇಳಿದರೆ ಒಂದು ಸಲ ‘ಇದೆ’ ಎಂಬ ಉತ್ತರ. ಉಳಿದೆಲ್ಲವೂ ‘ಇಲ್ಲ’.

ಬಿಲ್ಲಿನಲ್ಲಿ ನೇರವಾಗಿ ಕಾಣುವುದು ಇಷ್ಟೇ. ಪ್ರತಿ ಸುತ್ತಿನಲ್ಲೂ ‘ಕ್ಯೂ ಖಾಲಿ’ ಎಂದು ನೂರು ಬೈಟಿನ ಒಂದು ಸಾಲನ್ನು ಲಾಗ್‌ಗೆ ಬರೆಯುವ ಅಭ್ಯಾಸ ಇದ್ದರೆ ತಿಂಗಳಿಗೆ ಸುಮಾರು 155 ಜಿಬಿ ಲಾಗ್ ಬೆಳೆಯುತ್ತದೆ. ಅದನ್ನೂ ದುಡ್ಡು ಕೊಟ್ಟೇ ಇಡಬೇಕು. ಒಂದು ದಿನ ನಿಜವಾದ ದೋಷ ಹುಡುಕಬೇಕಾದಾಗ ಆ ರಾಶಿಯಲ್ಲೇ ತಡಕಾಡಬೇಕು. ಇದು ಹಣಕ್ಕಿಂತ ದೊಡ್ಡ ನಷ್ಟ.

ಯಾರಿಗಾದರೂ ಮೊದಲು ಹೊಳೆಯುವ ಪರಿಹಾರ, ಸುತ್ತುಗಳ ನಡುವೆ ವರ್ಕರನ್ನು ಮಲಗಿಸುವುದು. ಒಂದು ಸೆಕೆಂಡ್ ಮಲಗಿಸಿದರೆ ತಿಂಗಳ ಪ್ರಶ್ನೆಗಳು 3 ಕೋಟಿ 11 ಲಕ್ಷಕ್ಕೆ ಇಳಿಯುತ್ತವೆ, ಬಿಲ್ 12 ಡಾಲರಿನ ಆಸುಪಾಸಿಗೆ ಬರುತ್ತದೆ. ಆದರೆ ಒಂದೇ ವರ್ಕರ್ ಇರುವ ಕ್ಯೂನಲ್ಲಿ ಸಂದೇಶ ಸರಾಸರಿ ಅರ್ಧ ಸೆಕೆಂಡ್ ಕಾಯಬೇಕಾಗುತ್ತದೆ. ಹತ್ತು ಸೆಕೆಂಡ್ ಮಲಗಿಸಿದರೆ ಸರಾಸರಿ ಐದು ಸೆಕೆಂಡ್, ದುರದೃಷ್ಟವಿದ್ದರೆ ಪೂರ್ತಿ ಹತ್ತು. ಖರ್ಚು ಇಳಿಸಿದಷ್ಟೂ ವಿಳಂಬ ಏರುತ್ತದೆ, ಎರಡನ್ನೂ ಒಟ್ಟಿಗೆ ಇಳಿಸಲು ಈ ದಾರಿಯಲ್ಲಿ ಆಗದು. ಓಟಿಪಿ ಕಳಿಸುವ ಕ್ಯೂಗೆ ಹತ್ತು ಸೆಕೆಂಡ್ ತಡ ಎಂದರೆ ಗ್ರಾಹಕ ‘ಮತ್ತೆ ಕಳಿಸು’ ಒತ್ತುತ್ತಾನೆ, ಕೆಲಸ ಇಮ್ಮಡಿಯಾಗುತ್ತದೆ.

ಇದಲ್ಲದೆ ಎಸ್‌ಕ್ಯೂಎಸ್‌ಗೆ ಇನ್ನೊಂದು ಸ್ವಭಾವವಿದೆ. ಸಂದೇಶಗಳು ಹಲವಾರು ಸರ್ವರ್‌ಗಳಲ್ಲಿ ಹಂಚಿಹೋಗಿರುತ್ತವೆ. ಮಾಮೂಲಿ ರೀತಿಯಲ್ಲಿ ಕೇಳಿದರೆ ಅವುಗಳಲ್ಲಿ ಕೆಲವನ್ನು ಮಾತ್ರ ನೋಡಿ ತಕ್ಷಣ ಉತ್ತರ ಬರುತ್ತದೆ. ಒಂದೆರಡೇ ಸಂದೇಶಗಳಿರುವಾಗ, ಅವು ಕ್ಯೂನಲ್ಲಿ ಇದ್ದರೂ ‘ಇಲ್ಲ’ ಎಂಬ ಉತ್ತರ ಸಿಗಬಹುದು. ಮತ್ತೊಮ್ಮೆ ಕೇಳಿದಾಗ ಸಿಗುತ್ತವೆ. ಸಂದೇಶ ಕಳೆದುಹೋಯಿತೆಂದು ಇಡೀ ಮಧ್ಯಾಹ್ನ ಹುಡುಕುವ ಹೊಸಬರು ಎಡವುವುದು ಇಲ್ಲೇ.

2012ರಲ್ಲಿ ಅಮೆಜಾನ್ ಇದಕ್ಕೆ ಲಾಂಗ್ ಪೋಲಿಂಗ್ ಎಂಬ ಉಪಾಯ ಸೇರಿಸಿತು. ನ್ಯಾಯಬೆಲೆ ಅಂಗಡಿಗೆ ಹೋಗಿ ‘ಅಕ್ಕಿ ಬಂತಾ?’ ಎಂದು ಕೇಳಿ, ‘ಇಲ್ಲ’ ಎಂದೊಡನೆ ಮನೆಗೆ ಬಂದು ಮತ್ತೆ ಹೊರಡುವವನು ಒಬ್ಬ. ಅಲ್ಲೇ ಜಗಲಿಯ ಮೇಲೆ ಕೂತು ‘ಲಾರಿ ಬಂದರೆ ಕರೀರಿ, ಸಂಜೆವರೆಗೆ ಇರ್ತೀನಿ’ ಎನ್ನುವವನು ಇನ್ನೊಬ್ಬ. ಲಾಂಗ್ ಪೋಲಿಂಗ್ ಈ ಎರಡನೆಯವನ ರೀತಿ. ವರ್ಕರ್ ಕೇಳಿದಾಗ ಕ್ಯೂ ಖಾಲಿ ಇದ್ದರೆ ಸರ್ವರ್ ತಕ್ಷಣ ‘ಇಲ್ಲ’ ಎನ್ನದೆ ಸಂಪರ್ಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಂದೇಶ ಬಂದ ಕ್ಷಣದಲ್ಲೇ ಉತ್ತರ ಕೊಡುತ್ತದೆ. ಬರದಿದ್ದರೆ ಗರಿಷ್ಠ 20 ಸೆಕೆಂಡಿನ ನಂತರ ಬರಿಗೈಯಲ್ಲಿ ಕಳಿಸುತ್ತದೆ. ಈ ರೀತಿ ಕೇಳಿದಾಗ ಕೆಲವೇ ಸರ್ವರ್‌ಗಳನ್ನಲ್ಲ, ಎಲ್ಲವನ್ನೂ ವಿಚಾರಿಸಿಯೇ ಉತ್ತರ ಬರುತ್ತದೆ. ಮೊದಲೇ ಇದ್ದ ಕ್ಯೂಗೆ ಇದನ್ನು ಅಳವಡಿಸಲು ಒಂದೇ ಸಾಲು ಸಾಕು:

```
aws sqs set-queue-attributes --queue-url "$Q" \
  --attributes ReceiveMessageWaitTimeSeconds=20
```

ಸೀರೆ ಅಂಗಡಿಯ ಲೆಕ್ಕಕ್ಕೆ ಮರಳಿದರೆ, ಖಾಲಿ ಇರುವಾಗ ಒಂದು ವರ್ಕರ್ ಈಗ ನಿಮಿಷಕ್ಕೆ ಮೂರು ಸಲ ಮಾತ್ರ ಕೇಳುತ್ತದೆ. ಹನ್ನೆರಡೂ ಸೇರಿ ದಿನಕ್ಕೆ 51,840, ತಿಂಗಳಿಗೆ ಹದಿನೈದೂವರೆ ಲಕ್ಷ. ಹಿಂದಿನದರ ಸಾವಿರದಲ್ಲಿ ಒಂದು ಭಾಗ. ನಿಜವಾದ ಕೆಲಸದ 7.2 ಲಕ್ಷ ಸೇರಿಸಿ, ಉಚಿತದ 10 ಲಕ್ಷ ಕಳೆದರೆ ತಿಂಗಳ ಬಿಲ್ ಸುಮಾರು 51 ಸೆಂಟ್. ಒಂದು ಸೆಕೆಂಡ್ ಮಲಗುವ ವಿಧಾನಕ್ಕಿಂತ ಅಗ್ಗ, ಅದಕ್ಕಿಂತ ಚುರುಕು ಕೂಡ. ಮೇಲೆ ಹೇಳಿದ ಖರ್ಚು ಮತ್ತು ವಿಳಂಬದ ಇಕ್ಕಟ್ಟಿನಿಂದ ಹೊರಬರಲು ಇಷ್ಟು ಸರಳವಾದ ದಾರಿ ಇದ್ದೂ, ಈ ಕಾಯುವ ಅವಧಿ ಡಿಫಾಲ್ಟ್ ಆಗಿ ಸೊನ್ನೆಯಲ್ಲೇ ಇರುವುದು ಬೇಸರದ ಸಂಗತಿ.

ಎಚ್ಚರ ವಹಿಸಬೇಕಾದ ಜಾಗಗಳೂ ಇವೆ. ನಾಲ್ಕು ಕ್ಯೂಗಳನ್ನು ಒಂದೇ ಥ್ರೆಡ್ ಒಂದಾದ ಮೇಲೊಂದು ಕೇಳುತ್ತಿದ್ದರೆ, ಮೊದಲನೆಯ ಖಾಲಿ ಕ್ಯೂ ಮುಂದೆ 20 ಸೆಕೆಂಡ್ ಕೂತಿರುವಾಗ ಎರಡನೆಯದರಲ್ಲಿ ಕೆಲಸ ಬಿದ್ದಿರುತ್ತದೆ, ನೋಡುವವರಿಲ್ಲ. ಹಾಗಾಗಿ ಕ್ಯೂಗೊಂದು ಥ್ರೆಡ್ ಬೇಕು. ಇನ್ನೊಂದು, ವರ್ಕರ್ ಬಳಸುವ ಎಚ್‌ಟಿಟಿಪಿ ಕ್ಲೈಂಟ್ ಹತ್ತು ಸೆಕೆಂಡಿಗೇ ‘ಉತ್ತರವಿಲ್ಲ’ ಎಂದು ಸಂಪರ್ಕ ಕಡಿಯುವಂತಿದ್ದರೆ 20 ಸೆಕೆಂಡ್ ಕಾಯುವುದು ಸಾಧ್ಯವೇ ಆಗದು. ಖಾಲಿ ಕ್ಯೂಗಳು ದೋಷದ ಸಂದೇಶಗಳನ್ನು ಸುರಿಸತೊಡಗುತ್ತವೆ.

ಇಷ್ಟೆಲ್ಲ ಏಕೆ, ಈವೆಂಟ್ ಆಧಾರಿತ ವ್ಯವಸ್ಥೆಗೇ ಹೋದರೆ ಕೇಳುವ ಗೊಡವೆಯೇ ಇರುವುದಿಲ್ಲವಲ್ಲ ಎಂದು ಓದುಗರು ಕೇಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಲ್ಯಾಂಬ್ಡಾ, ಅಮೆಜಾನ್‌ನದೇ ಇನ್ನೊಂದು ಸೇವೆ. 2018ರಿಂದ ಎಸ್‌ಕ್ಯೂಎಸ್ ಕ್ಯೂಗೆ ಅದನ್ನು ನೇರವಾಗಿ ಜೋಡಿಸಬಹುದು. ಸಂದೇಶ ಬಂದರೆ ಫಂಕ್ಷನ್ ಓಡುತ್ತದೆ, ಇಲ್ಲದಾಗ ಓಡುವುದಿಲ್ಲ. ಬರೆಯುವವರ ಕಣ್ಣಿಗೆ ಇದು ಅಪ್ಪಟ ಈವೆಂಟ್. ಒಳಗೆ ನಡೆಯುವುದು ಬೇರೆ. ಅಮೆಜಾನ್‌ನ ಪೋಲರ್‌ಗಳು ಆರಂಭಕ್ಕೆ ಐದು ಸಂಪರ್ಕಗಳಲ್ಲಿ ಅದೇ ಕ್ಯೂವನ್ನು ಅದೇ ಲಾಂಗ್ ಪೋಲಿಂಗ್‌ನಿಂದ ಕೇಳುತ್ತಿರುತ್ತವೆ, ಆ ಕೋರಿಕೆಗಳ ಲೆಕ್ಕ ಕ್ಯೂ ಮಾಲೀಕನ ಬಿಲ್ಲಿಗೇ ಬರುತ್ತದೆ. 20 ಸೆಕೆಂಡಿಗೊಮ್ಮೆ ಐದು ಪ್ರಶ್ನೆ ಎಂದರೆ ಒಂದು ಖಾಲಿ ಕ್ಯೂಗೆ ತಿಂಗಳಿಗೆ 6,48,000. ನಾಲ್ಕು ಕ್ಯೂಗೆ ಸುಮಾರು 26 ಲಕ್ಷ, ಅಂಗಡಿಯ ಸ್ವಂತ ಹನ್ನೆರಡು ವರ್ಕರ್‌ಗಳು ಕೇಳುತ್ತಿದ್ದುದಕ್ಕಿಂತ ಹೆಚ್ಚು.

ಹಣದ ಲೆಕ್ಕದಲ್ಲಿ ಇದು ತಿಂಗಳಿಗೆ ಒಂದು ಡಾಲರಿನೊಳಗೆ ಮುಗಿಯುತ್ತದೆ. ವರ್ಕರ್‌ಗಳಿಗಾಗಿ ಹಗಲಿರುಳೂ ಓಡುವ ಸರ್ವರ್ ಬೇಕಿಲ್ಲದ ಕಾರಣ ಒಟ್ಟಾರೆ ಲಾಭವೇ. ಆದರೆ ಇಲ್ಲೊಂದು ವಿಷಯ ಸ್ಪಷ್ಟವಾಗುತ್ತದೆ. ಪೋಲಿಂಗ್ ಮಾಯವಾಗಲಿಲ್ಲ, ಅದನ್ನು ಮಾಡುವವರು ಬದಲಾದರು. ನೂರಾರು ಪರೀಕ್ಷಾ ಕ್ಯೂಗಳನ್ನು ಲ್ಯಾಂಬ್ಡಾಕ್ಕೆ ಜೋಡಿಸಿ ಮರೆತಿರುವ ತಂಡಗಳಿಗೆ, ಯಾವ ಸಂದೇಶವೂ ಬಾರದ ತಿಂಗಳಲ್ಲೂ ಎಸ್‌ಕ್ಯೂಎಸ್ ಬಿಲ್ ಏಕೆ ಬಂತು ಎಂಬುದಕ್ಕೆ ಇದೇ ಉತ್ತರ.

ನಿಜವಾಗಿ ಎಬ್ಬಿಸುವ ವ್ಯವಸ್ಥೆಗಳೂ ಇವೆ. ಅವುಗಳ ದೌರ್ಬಲ್ಯ ಬೇರೆ ಬಗೆಯದು: ಎಬ್ಬಿಸುವ ಕರೆ ತಪ್ಪಿಹೋದರೆ ಏನು? ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ಕ್ಯೂ ಆಗಿ ಬಳಸುವ ತಂಡಗಳು ಅನೇಕ. ಒಂದು ಟೇಬಲ್‌ನಲ್ಲಿ ಕೆಲಸಗಳನ್ನು ಬರೆದಿಟ್ಟು, ವರ್ಕರ್‌ಗಳು ಹೀಗೆ ಎತ್ತಿಕೊಳ್ಳುತ್ತವೆ:

```
SELECT id, payload FROM jobs
WHERE done = false
ORDER BY id LIMIT 10
FOR UPDATE SKIP LOCKED;
```

ಕೊನೆಯ ಸಾಲಿನ SKIP LOCKED 2016ರ ಜನವರಿಯಲ್ಲಿ ಬಂದ 9.5 ಆವೃತ್ತಿಯ ಕೊಡುಗೆ. ಒಂದು ವರ್ಕರ್ ಹಿಡಿದಿರುವ ಸಾಲನ್ನು ಇನ್ನೊಂದು ಕಾಯದೆ ದಾಟಿಹೋಗುತ್ತದೆ. ಇದನ್ನು ಸೆಕೆಂಡಿಗೊಮ್ಮೆ ಕೇಳುವ ಬದಲು, ಕೆಲಸ ಸೇರಿಸುವವರು NOTIFY ಎಂದು ಕೂಗಲಿ, ವರ್ಕರ್ LISTEN ಎಂದು ಕಿವಿಗೊಟ್ಟಿರಲಿ ಎಂಬ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ಕೆಲಸ ಡೇಟಾಬೇಸಿನಲ್ಲಿ ಕಮಿಟ್ ಆದೊಡನೆ ಕೂಗು ತಲುಪುತ್ತದೆ. ಖಾಲಿ ಇರುವಾಗ ಒಂದು ಪ್ರಶ್ನೆಯೂ ಇಲ್ಲ.

ತೊಂದರೆ ಏನೆಂದರೆ, ಆ ಕೂಗನ್ನು ಕೇಳದವರಿಗಾಗಿ ಪೋಸ್ಟ್‌ಗ್ರೆಸ್ ಅದನ್ನು ಬರೆದಿಡುವುದಿಲ್ಲ. ವರ್ಕರ್‌ನ ಸಂಪರ್ಕ ಅರೆಗಳಿಗೆ ಕಡಿದು ಮತ್ತೆ ಜೋಡಿಕೊಂಡರೆ, ನಡುವೆ ಬಂದ ಕೂಗು ಹೋದಂತೆಯೇ. ಕೆಲಸ ಟೇಬಲ್‌ನಲ್ಲಿ ಇರುತ್ತದೆ, ಮುಂದಿನ ಕೂಗು ಬರುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಹಗಲು ಬಿಡುವಿಲ್ಲದೆ ಕೆಲಸ ಬರುವುದರಿಂದ ಇದು ಗೊತ್ತಾಗದು. ರಾತ್ರಿ ಹನ್ನೊಂದೂವರೆಗೆ ಬಂದ ಕೊನೆಯ ಆರ್ಡರಿನ ಬಿಲ್ ಬೆಳಿಗ್ಗೆ ಮೊದಲ ಆರ್ಡರ್ ಬಂದಾಗ ಹೊರಡುತ್ತದೆ. ಗ್ರಾಹಕರ ದೂರುಗಳಲ್ಲಿ ಇಂಥ ಹೊತ್ತಿನ ಚಹರೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕಳೆದುಹೋದ ಕೂಗನ್ನು.

ಕ್ರಮವೂ ಮುಖ್ಯ. ಮೊದಲು ಟೇಬಲ್ ನೋಡಿ ಆಮೇಲೆ LISTEN ಹೇಳಿದರೆ, ಆ ಎರಡರ ನಡುವಿನ ಕಿಂಡಿಯಲ್ಲಿ ಬಂದ ಕೆಲಸ ಕಾಣುವುದಿಲ್ಲ, ಕೇಳುವುದೂ ಇಲ್ಲ. ಮೊದಲು LISTEN, ಆಮೇಲೆ ಟೇಬಲ್ ಒಮ್ಮೆ ನೋಡುವುದು, ಅನಂತರ ಕಾಯುವುದು. ಸಂಪರ್ಕ ಕಡಿದು ಮತ್ತೆ ಜೋಡಿಕೊಂಡಾಗಲೂ ಇದೇ ಮೂರು ಹೆಜ್ಜೆ. ಇದರ ಜೊತೆಗೆ ನಿಮಿಷಕ್ಕೊಮ್ಮೆ ಟೇಬಲ್ ಮೇಲೆ ಸುಮ್ಮನೆ ಕಣ್ಣಾಡಿಸುವ ನಿಧಾನದ ಪೋಲಿಂಗ್ ಉಳಿಸಿಕೊಳ್ಳಲೇಬೇಕು. ದಿನಕ್ಕೆ 1,440 ಪ್ರಶ್ನೆ ಯಾವ ಡೇಟಾಬೇಸಿಗೂ ಭಾರವಲ್ಲ, ತಪ್ಪಿಹೋದ ಕೆಲಸ ಒಂದು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ.

ಪಾವತಿ ಲೋಕದಲ್ಲೂ ಇದೇ ಜೋಡಿ ಕೆಲಸ ಮಾಡುತ್ತದೆ. ಬೆಂಗಳೂರಿನ ರೇಜರ್‌ಪೇ ಮುಂತಾದ ಕಂಪನಿಗಳು ಪಾವತಿ ಮುಗಿದಾಗ ಅಂಗಡಿಯ ಸರ್ವರ್‌ಗೆ ತಾವೇ ಸುದ್ದಿ ಕಳಿಸುತ್ತವೆ, ಇದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಸರ್ವರ್ ಸರಿಯಾದ ಉತ್ತರ ಕೊಡದಿದ್ದರೆ ರೇಜರ್‌ಪೇ 24 ಗಂಟೆಗಳವರೆಗೆ ಅಂತರ ಹೆಚ್ಚಿಸುತ್ತ ಮರಳಿ ಪ್ರಯತ್ನಿಸುತ್ತದೆ. ಹೀಗೆ ಮರಳಿ ಬರುವ ಸುದ್ದಿ ಎರಡು ಸಲವೂ ತಲುಪಬಹುದು. ಒಂದೇ ಆರ್ಡರಿಗೆ ಎರಡು ಸೀರೆ ಹೋಗದಂತೆ ನೋಡಿಕೊಳ್ಳುವ ಹೊಣೆ ಪಡೆಯುವವರದು. ಸುದ್ದಿ ಬಾರದೇ ಇದ್ದಾಗ ಮಾತ್ರ ಅಂಗಡಿ ತಾನೇ ವಿಚಾರಿಸುತ್ತದೆ. ಎನ್‌ಪಿಸಿಐ ಹೇರಿದ ಮೂರು ಸಲ, 90 ಸೆಕೆಂಡ್ ಎಂಬ ನಿಯಮದ ಹಿಂದಿರುವುದೂ ಇದೇ ಯೋಚನೆ. ಕೇಳುವುದನ್ನು ಅದು ನಿಷೇಧಿಸಲಿಲ್ಲ, ನಿಧಾನ ಮಾಡಿತು.

ಡೇಟಾಬೇಸ್ ಕ್ಯೂಗಳ ಮಟ್ಟಿಗೆ ಇನ್ನೊಂದು ವಿಚಿತ್ರ ಇದೆ. ಕೆಲಸವೊಂದೂ ಬಾಕಿ ಇಲ್ಲದಿದ್ದರೂ ಟೇಬಲ್ ನೋಡಲು ಹೊತ್ತು ಹಿಡಿಯತೊಡಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸಿದ ಅಥವಾ ಬದಲಿಸಿದ ಸಾಲಿನ ಹಳೆಯ ಪ್ರತಿ ತಕ್ಷಣ ಹೋಗುವುದಿಲ್ಲ, VACUUM ಬಂದು ಗುಡಿಸುವವರೆಗೆ ಅಲ್ಲೇ ಬಿದ್ದಿರುತ್ತದೆ. ಯಾರೋ ಲೆಕ್ಕಪತ್ರದ ದೊಡ್ಡ ವರದಿಗಾಗಿ ಒಂದು ಟ್ರಾನ್ಸಾಕ್ಷನ್ ಅನ್ನು ಎರಡು ಗಂಟೆ ತೆರೆದಿಟ್ಟಿದ್ದರೆ, ಆ ಅವಧಿಯಲ್ಲಿ ಮುಗಿದ ಕೆಲಸಗಳ ಹೆಣಗಳನ್ನು VACUUM ಮುಟ್ಟುವಂತಿಲ್ಲ. ಪ್ರತಿ ಖಾಲಿ ಪ್ರಶ್ನೆಯೂ ಅವೆಲ್ಲವನ್ನೂ ದಾಟಿ ಹೋಗಿ ‘ಏನೂ ಇಲ್ಲ’ ಎಂದು ತಿಳಿದು ಬರಬೇಕು. pg_stat_user_tables ನೋಟದಲ್ಲಿ n_dead_tup ಅಂಕಿ ಏರುತ್ತಲೇ ಇದ್ದರೆ ರೋಗ ಇದೇ. ಇಂಥ ಹೊತ್ತಿನಲ್ಲಿ ವರ್ಕರ್‌ಗಳ ಸಂಖ್ಯೆ ಹೆಚ್ಚಿಸಿದರೆ ಹೊರೆ ಇನ್ನಷ್ಟು ಏರುತ್ತದೆ.

ಹಾಗಾದರೆ ಪೋಲಿಂಗ್ ಯಾವಾಗಲೂ ಎರಡನೆಯ ದರ್ಜೆಯದೇ? ಹಾಗೆಂದರೆ ಅನ್ಯಾಯವಾಗುತ್ತದೆ. ಹಿಂದೆ ನೆಟ್‌ವರ್ಕ್ ಕಾರ್ಡಿಗೆ ಪ್ರತಿ ಪ್ಯಾಕೆಟ್ ಬಂದಾಗಲೂ ಅದು ಇಂಟರಪ್ಟ್ ಎಂಬ ಸಂಕೇತ ಕೊಟ್ಟು ಪ್ರೊಸೆಸರನ್ನು ಎಬ್ಬಿಸುತ್ತಿತ್ತು. ಇದು ಈವೆಂಟ್‌ನ ಮೂಲರೂಪ. 1996ರಲ್ಲಿ ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ ಒಂದು ಪ್ರಬಂಧದಲ್ಲಿ ಇದರ ಅಪಾಯವನ್ನು ತೋರಿಸಿದರು. ಪ್ಯಾಕೆಟ್‌ಗಳು ಮಿತಿಮೀರಿ ಬಂದಾಗ ಪ್ರೊಸೆಸರ್ ಸಂಕೇತಗಳಿಗೆ ಓಗೊಡುವುದರಲ್ಲೇ ಪೂರ್ತಿ ಮುಳುಗಿ, ಯಾವ ಪ್ಯಾಕೆಟ್‌ನ ಕೆಲಸವನ್ನೂ ಮುಗಿಸಲಾರದು. ಲಿನಕ್ಸ್‌ಗೆ ಆಮೇಲೆ ಬಂದ ಎನ್‌ಎಪಿಐ ಎರಡನ್ನೂ ಬೆಸೆಯುತ್ತದೆ. ಮೊದಲ ಪ್ಯಾಕೆಟ್ ಎಬ್ಬಿಸುತ್ತದೆ. ಎದ್ದ ಮೇಲೆ ಇಂಟರಪ್ಟ್ ನಿಲ್ಲಿಸಿ, ಕಾರ್ಡಿನ ಕ್ಯೂ ಬರಿದಾಗುವವರೆಗೆ ಪೋಲಿಂಗ್‌ನಿಂದಲೇ ಎತ್ತುತ್ತದೆ. ಬರಿದಾದ ಮೇಲೆ ಇಂಟರಪ್ಟ್ ಮತ್ತೆ ತೆರೆಯುತ್ತದೆ. ಸದಾ ತುಂಬಿರುವ ಕ್ಯೂ ಎದುರಿಗೆ ಕೂತವನಿಗೆ ಯಾರೂ ಕರೆ ಕೊಡಬೇಕಾಗಿಲ್ಲ. ಎಸ್‌ಕ್ಯೂಎಸ್‌ನಲ್ಲೂ ಒಂದು ಕೋರಿಕೆಗೆ ಹತ್ತು ಸಂದೇಶ ಸಿಗುವಷ್ಟು ಕೆಲಸ ಇದ್ದರೆ ಪೋಲಿಂಗ್‌ಗಿಂತ ಅಗ್ಗವಾದದ್ದು ಇಲ್ಲ.

ಆದ್ದರಿಂದ ಯಾವ ವಿಧಾನ ಎಂದು ತೀರ್ಮಾನಿಸುವ ಮೊದಲು ಕ್ಯೂ ದಿನದ ಎಷ್ಟು ಹೊತ್ತು ಖಾಲಿ ಇರುತ್ತದೆ ಎಂದು ನೋಡಬೇಕು. ಎಸ್‌ಕ್ಯೂಎಸ್‌ನ ಅಳತೆಗಳಲ್ಲಿ NumberOfEmptyReceives ಎಂಬುದು ಖಾಲಿ ಉತ್ತರಗಳ ಎಣಿಕೆ, NumberOfMessagesReceived ಕೈಗೆ ಸಿಕ್ಕ ಸಂದೇಶಗಳ ಎಣಿಕೆ. ಎರಡನ್ನೂ ಒಂದೇ ನಕ್ಷೆಯಲ್ಲಿಟ್ಟು ಒಂದು ಪೂರ್ತಿ ದಿನ ನೋಡಿದರೆ ಸಾಕು. ಸೀರೆ ಅಂಗಡಿಯಂಥ ಕಡೆ ಮೊದಲಿನ ಕೋಡ್‌ನಲ್ಲಿ ಖಾಲಿ ಉತ್ತರಗಳು ನಾಲ್ಕು ಕ್ಯೂ ಸೇರಿ ಗಂಟೆಗೆ 21,60,000ದ ಸುತ್ತ ನಿಂತಿರುತ್ತವೆ, ರಾತ್ರಿ ಹಗಲು ವ್ಯತ್ಯಾಸವಿಲ್ಲದೆ. 20 ಸೆಕೆಂಡಿನ ಲಾಂಗ್ ಪೋಲಿಂಗ್ ಹಾಕಿದ ಮೇಲೆ ಅದು 2,160ರ ಒಳಗೆ ಬರಬೇಕು. ಹಾಗೆ ಬಾರದೆ ಲಕ್ಷಗಳಲ್ಲೇ ಉಳಿದರೆ ಯಾವುದೋ ಒಂದು ವರ್ಕರ್‌ನ ಕೋಡ್‌ನಲ್ಲಿ WaitTimeSeconds=0 ಎಂದು ಬರೆದಿರುತ್ತದೆ, ಏಕೆಂದರೆ ಕೋರಿಕೆಯೊಳಗೆ ಕೊಟ್ಟ ಅಂಕಿ ಕ್ಯೂನಲ್ಲಿ ಇಟ್ಟ ಅಂಕಿಯನ್ನು ಮೀರುತ್ತದೆ.